ಪ್ರೊಫೈಲಿನಲ್ಲಿ ಇಳುವರಿ ಬರೆಯುವಾಗ

ಕೃಷಿ ಕಂಪನಿಗಳಲ್ಲಿರುವ ಗೆಳೆಯರು ಲಿಂಕ್ಡ್‌ಇನ್‌ನಲ್ಲಿ ‘ಇಳುವರಿ 25% ಹೆಚ್ಚಿಸಿದೆ’ ಅಂತ ಬರೆದುಬಿಡ್ತಾರೆ. ಹೊಲ ಕಂಡವರು ಇದನ್ನ ನಂಬೋದು ಕಷ್ಟ. ಮಳೆ ಹದವಾಗಿ ಬಿದ್ದರೂ ಅಷ್ಟು ಏರುತ್ತೆ. ಹಾಗಾಗಿ ಹೋಲಿಕೆ ಹೋದ ವರ್ಷದ ಜೊತೆ ಬೇಡ, ಅದೇ ಹಂಗಾಮಿನ ಪಕ್ಕದ ತಾಕಿನ ಜೊತೆ ಇರಲಿ.

ಕಲಬುರಗಿ ಕಡೆ ತೊಗರಿ ನೋಡಿಕೊಂಡವರು ಹೀಗೆ ಬರೀಬಹುದು (ಅಂಕಿಗಳು ಮಾದರಿಗಷ್ಟೇ): ‘ಮಳೆಯಾಶ್ರಿತ ತೊಗರಿ, 40 ರೈತರು. ಬಿತ್ತಿದ ಸುಮಾರು 50 ದಿನಕ್ಕೆ ಕುಡಿ ಚಿವುಟಿಸಿದ ತಾಕಿನಲ್ಲಿ ಎಕರೆಗೆ 5 ಕ್ವಿಂಟಲ್, ಚಿವುಟದ ತಾಕಿನಲ್ಲಿ 4. ಮರುವರ್ಷ 26 ರೈತರು ನಾವು ಹೇಳದೆಯೇ ಚಿವುಟಿದರು.’ ಆ ಕೊನೆಯ ಸಾಲೇ ನಿಜವಾದ ರೈತ ಸಂಪರ್ಕ. ತರಬೇತಿಗೆ ಬಂದವರ ತಲೆ ಎಣಿಕೆಯಲ್ಲಿ ಊಟಕ್ಕೆ ಬಂದವರೂ ಇರ್ತಾರೆ!

ಪೂರೈಕೆ ಬಗ್ಗೆಯೂ ಅಷ್ಟೇ. ದಾಲ್ ಮಿಲ್‌ಗೆ ಎಷ್ಟು ಟನ್ ಕೊಟ್ಟಿರಿ ಅನ್ನೋದರ ಜೊತೆ, ತೇವಾಂಶ ಜಾಸ್ತಿ ಅಂತ ಎಷ್ಟು ಲೋಡ್ ವಾಪಸ್ ಬಂತು, ರೈತರ ಖಾತೆಗೆ ಎಷ್ಟು ದಿನಕ್ಕೆ ದುಡ್ಡು ಬಿತ್ತು ಅಂತಲೂ ಹಾಕಿ. ಖರೀದಿ ದರ, ಮಿಲ್ ಹೆಸರು ಮಾತ್ರ ಕಂಪನಿ ಒಪ್ಪಿದರಷ್ಟೇ. ರೈತರ ಫೋಟೊ ಹಾಕೋ ಮುಂಚೆ ಅವರನ್ನೂ ಒಂದು ಮಾತು ಕೇಳಿ.