ಅನ್ನ ಕಡಿಮೆ ಮಾಡಲಿಲ್ಲ, ಪುಡಿಯ ಲೆಕ್ಕ ಸರಿ ಮಾಡಿದೆ: ಮಗಳ ಪಿಕೆಯು ಊಟ, ನನ್ನ ಅನುಭವ

ರಕ್ತದ ರಿಪೋರ್ಟಿನಲ್ಲಿ ಫೆನೈಲಲನೈನ್ ಜಾಸ್ತಿ ಬಂದರೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: ಅನ್ನ ಕಡಿಮೆ ಮಾಡಿ. ಒಮ್ಮೆ ಹಾಗೆ ಮಾಡಿ ಕೆಟ್ಟ ಮೇಲೆ ನಾನು ಅನ್ನ ಮುಟ್ಟಲಿಲ್ಲ. ಫೆನೈಲಲನೈನ್ ಇಲ್ಲದ ಪ್ರೋಟೀನ್ ಪುಡಿ ಮತ್ತು ಕ್ಯಾಲೊರಿ ಸರಿ ಮಾಡಿದೆ. ಆಗ ಆಗುವುದಿಲ್ಲ ಅಂದವರು ಬಹಳ ಜನ. ಈಗ ಒಂದು ವರ್ಷಕ್ಕಿಂತ ಜಾಸ್ತಿ ಆಯ್ತು, ಮಗಳ ಲೆವೆಲ್ ಹೆಚ್ಚು ಕಡಿಮೆ 4ರಿಂದ 5ರ ನಡುವೆಯೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಪಿಕೆಯು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ತಕ್ಕಡಿ ನಿಮ್ಮ ಅಡುಗೆಮನೆಯಲ್ಲೂ ಇದ್ದೇ ಇರುತ್ತದೆ.

ನಮ್ಮದು ಉಡುಪಿ ಕಡೆಯ ಮನೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅದೇ ಅಕ್ಕಿಯ ಅನ್ನ. ಮಗಳಿಗೆ ಮೂರು ವರ್ಷ ತುಂಬಿದ ಸಮಯದಲ್ಲಿ ಲೆವೆಲ್ ಡೆಸಿಲೀಟರಿಗೆ 9 ಮಿಲಿಗ್ರಾಂ ದಾಟಿತು. ಅವಳ ವಯಸ್ಸಿಗೆ 2ರಿಂದ 6ರೊಳಗೆ ಇರಬೇಕು, ಅಂದರೆ ಲೀಟರಿಗೆ 120ರಿಂದ 360 ಮೈಕ್ರೋಮೋಲ್. ನಾವು ಆಗ ತೋರಿಸುತ್ತಿದ್ದ ಕಡೆ ಅನ್ನ ಅರ್ಧ ಮಾಡಲು ಹೇಳಿದರು. ಮಾಡಿದೆವು. ಮುಂದಿನ ರಿಪೋರ್ಟ್ 11ರ ಮೇಲೆ ಬಂತು. ಇನ್ನೂ ಕಡಿಮೆ ಮಾಡಿ ಅಂದರು. ಅಷ್ಟರಲ್ಲಿ ತೂಕ ನಿಂತುಹೋಗಿತ್ತು, ಕೆನ್ನೆಯ ಮೇಲೆ ಕೆಂಪು ಗುಳ್ಳೆ ಎದ್ದಿತ್ತು, ಮಗು ಮಧ್ಯಾಹ್ನವೇ ಬಾಡಿ ಮಲಗುತ್ತಿತ್ತು.

ಊಟ ಇಳಿಸಿದರೆ ಲೆವೆಲ್ ಏರುವುದು ಹೇಗೆ? ಇದು ಗೊತ್ತಾದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ಹೊಟ್ಟೆಗೆ ಸಾಕಷ್ಟು ಕ್ಯಾಲೊರಿ ಸಿಗದಿದ್ದರೆ ಮೈ ತನ್ನದೇ ಮಾಂಸಖಂಡ ಕರಗಿಸಿಕೊಳ್ಳುತ್ತದೆ. ಆ ಮಾಂಸದಲ್ಲಿಯೂ ಫೆನೈಲಲನೈನ್ ಇದೆ, ಅದು ನೇರ ರಕ್ತಕ್ಕೆ ಇಳಿಯುತ್ತದೆ. ತಟ್ಟೆಯಿಂದ ಬರುವುದನ್ನು ನಾವು ತಡೆದೆವು, ಒಳಗಿಂದ ಬರಲು ಶುರುವಾಯಿತು. ಜ್ವರ ಬಂದಾಗ ಲೆವೆಲ್ ಏರುವುದೂ ಇದೇ ಕಾರಣಕ್ಕೆ. ಪುಡಿ ಕಡಿಮೆಯಾದರೂ ಇದೇ ಕಥೆ, ಯಾಕೆಂದರೆ ಮೈ ಕಟ್ಟಲು ಬೇಕಾದ ಉಳಿದ ಅಮೈನೋ ಆಮ್ಲಗಳೆಲ್ಲ ಅದರಲ್ಲೇ ಇರುವುದು.

ನಮ್ಮ ಮನೆಯಲ್ಲಿ ಪುಡಿ ಕಡಿಮೆಯಾಗಿದ್ದಕ್ಕೆ ಕಾರಣ ದುಡ್ಡು. ತಿಂಗಳಿಗೆ ಸುಮಾರು ಹದಿನೈದು ಸಾವಿರ ಪುಡಿಗೇ ಹೋಗುತ್ತಿತ್ತು. ಟಿನ್ ಬರುವುದು ತಡವಾದರೆ ಇದ್ದದ್ದನ್ನೇ ಎಳೆಯುವುದು, ಮೂರು ಲೋಟದ ಜಾಗದಲ್ಲಿ ಎರಡು. ಹಾಗೆ ಉಳಿಸಿದ ಎರಡು ಮೂರು ಸಾವಿರ ಆಮೇಲೆ ರಕ್ತ ಪರೀಕ್ಷೆಗೆ, ಓಡಾಟಕ್ಕೆ ಡಬಲ್ ಆಗಿ ಹೋಯಿತು. ಅಂತೂ ಈಗ ಮನೆಯಲ್ಲಿ ಯಾವಾಗಲೂ ಒಂದೂವರೆ ತಿಂಗಳ ಪುಡಿ ಇರುತ್ತದೆ. ಅದಕ್ಕಾಗಿ ಒಂದು ಚೀಟಿಯನ್ನೇ ಹಾಕಿದ್ದೇನೆ. ಹೊರದೇಶದ ಟಿನ್ ತರಿಸುವವರಿಗೆ ಒಂದು ವಿಷಯ: 2023ರ ಏಪ್ರಿಲ್ 1ರಿಂದ, ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಇರುವ ಕಾಯಿಲೆಗೆ ಸ್ವಂತಕ್ಕೆ ತರಿಸುವ ವೈದ್ಯಕೀಯ ಆಹಾರಕ್ಕೆ ಮೂಲ ಕಸ್ಟಮ್ಸ್ ಸುಂಕ ಇಲ್ಲ. ಪಿಕೆಯು ಆ ಪಟ್ಟಿಯಲ್ಲಿದೆ. ಜಿಲ್ಲೆಯ ಸರ್ಕಾರಿ ವೈದ್ಯಾಧಿಕಾರಿಯ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಪಾರ್ಸೆಲ್ ಬಂದ ಮೇಲೆ ಓಡಾಡಿದರೆ ಪ್ರಯೋಜನ ಇಲ್ಲ.

ಈಗ ಲೆಕ್ಕ. ಇದು ನನ್ನ ಮಗಳದ್ದು, ಆಗ ಅವಳ ತೂಕ 13 ಕೆಜಿ. ನಿಮ್ಮ ಮಗುವಿನ ಮಿತಿ ಬೇರೆಯೇ ಇರುತ್ತದೆ, ಅದನ್ನು ರಿಪೋರ್ಟ್ ನೋಡಿ ನಿಮ್ಮ ಡಯೆಟಿಶಿಯನ್ ಹೇಳಬೇಕು. ನಮಗೂ ಈ ಸಲ ಸಿಕ್ಕ ಡಯೆಟಿಶಿಯನ್ ಮೇಡಂ ಪ್ರತಿ ಬದಲಾವಣೆಯನ್ನೂ ನೋಡಿ ಒಪ್ಪಿದ ಮೇಲೆಯೇ ಮಾಡಿದ್ದು.

ಅವಳಿಗೆ ದಿನಕ್ಕೆ ಒಟ್ಟು 30 ಗ್ರಾಂ ಪ್ರೋಟೀನ್ ಅಂತ ಇಟ್ಟುಕೊಂಡೆವು. ಲೆವೆಲ್ ಹಿಡಿತದಲ್ಲಿದ್ದ ಹಳೆಯ ತಿಂಗಳುಗಳ ಡೈರಿ ತೆಗೆದು ನೋಡಿದರೆ ಅವಳು ತಾಳಿಕೊಂಡಿದ್ದ ಫೆನೈಲಲನೈನ್ ಸುಮಾರು 280 ಮಿಲಿಗ್ರಾಂ. ಒಂದು ಗ್ರಾಂ ಪ್ರೋಟೀನಿಗೆ 50 ಮಿಲಿಗ್ರಾಂ ಅಂತ ಹಿಡಿದರೆ ಊಟದಿಂದ ಬರುವ ಪ್ರೋಟೀನ್ 6 ಗ್ರಾಂ ಒಳಗೇ. ಉಳಿದ 24 ಪುಡಿಯಿಂದ ಬರಬೇಕು. ನಮ್ಮ ಟಿನ್ನಿನ ಲೇಬಲ್‌ನಲ್ಲಿ 100 ಗ್ರಾಂ ಪುಡಿಗೆ 25 ಗ್ರಾಂ ಪ್ರೋಟೀನ್ ಅಂತ ಇತ್ತು.

```
24 ÷ 25 × 100 = 96 ಗ್ರಾಂ ಪುಡಿ, ಒಂದು ದಿನಕ್ಕೆ
```

ಅವಳು ಆವರೆಗೆ ಕುಡಿಯುತ್ತಿದ್ದದ್ದು 65 ಗ್ರಾಂ ಹತ್ತಿರ! ತಪ್ಪು ಅನ್ನದಲ್ಲಿ ಇರಲೇ ಇಲ್ಲ.

96 ಗ್ರಾಂ ಅನ್ನು ನಾಲ್ಕು ಪಾಲು ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ, ಪ್ರತಿ ಸಲ 24 ಗ್ರಾಂ, ಊಟದ ಜೊತೆಗೇ. ಒಂದೇ ಸಲ ಕುಡಿಸಿ ಮುಗಿಸಿದರೆ ಮೈ ಅದನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ, ದಿನವಿಡೀ ಲೆವೆಲ್ ಏರಿಳಿಯುತ್ತದೆ. ಚಮಚದ ಅಳತೆ ಬಿಟ್ಟುಬಿಟ್ಟೆ. ನಮ್ಮ ಮಳೆಗಾಲದ ತೇವಕ್ಕೆ ಪುಡಿ ಗಟ್ಟಿಯಾಗುತ್ತದೆ, ಚಮಚ ಮೋಸ ಮಾಡುತ್ತದೆ. ತೂಗಿಯೇ ಹಾಕುವುದು. ಕುದಿಯುವ ನೀರು ಬೇಡ, ಉಗುರುಬೆಚ್ಚಗೆ ಸಾಕು. ತುಂಬ ದಪ್ಪ ಕಲಸಿದರೆ ಭೇದಿ ಶುರುವಾಗುತ್ತದೆ, ಲೇಬಲ್ ಹೇಳಿದಷ್ಟು ನೀರು ಹಾಕಿ. ವಾಸನೆ ಮುಚ್ಚಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ಅದರದ್ದೂ ಲೆಕ್ಕ ಇದೆ. ಮಗುವಿನ ಡೈರಿ ತಂದು ತೋರಿಸಿದವರಿಗೆ ಹೇಳುತ್ತೇನೆ.

ಆಮೇಲೆ ಊಟದ 280 ಮಿಲಿಗ್ರಾಂ. ಕುಚ್ಚಲಕ್ಕಿಯಲ್ಲಿ 100 ಗ್ರಾಂಗೆ ಸುಮಾರು 420 ಅಂತ ಹಿಡಿಯುತ್ತೇನೆ. ಹಾಗಾಗಿ ದಿನಕ್ಕೆ 35 ಗ್ರಾಂ ಹಸಿ ಅಕ್ಕಿಗೆ ಸುಮಾರು 147. ಬಟಾಟೆ 50 ಗ್ರಾಂಗೆ 40. ಒಂದು ಸಣ್ಣ ಬಾಳೆಹಣ್ಣಿಗೆ 25. ತುರಿದ ಕಾಯಿ 15 ಗ್ರಾಂಗೆ ಇನ್ನೊಂದು 25. ಸೋರೆಕಾಯಿ, ಮಂಗಳೂರು ಸೌತೆ ಸೇರಿ 150 ಗ್ರಾಂಗೆ 28ರ ಆಸುಪಾಸು. ಒಟ್ಟು 265. ಉಳಿದ 15 ಅನ್ನು ಬೇಕೆಂದೇ ಖಾಲಿ ಬಿಡುತ್ತೇನೆ, ಒಗ್ಗರಣೆಯ ಸಾಸಿವೆ, ಕರಿಬೇವು, ಹುಣಸೆಹಣ್ಣು ಅಂತ ಹೋಗುತ್ತದೆ. ಉದ್ದು ನಮ್ಮ ಲೆಕ್ಕದಲ್ಲಿ ಕೂರುವುದೇ ಇಲ್ಲ. ಆದ್ದರಿಂದ ಇಡ್ಲಿ ಇಲ್ಲ.

ಅಕ್ಕಿಯನ್ನು ಹಸಿಯಾಗಿಯೇ ತೂಗಬೇಕು ಅನ್ನುವುದು ನನ್ನ ಹಟ. ಬೆಂದ ಅನ್ನ ತೂಗಿ ನೋಡಿದ್ದೇನೆ. ಬಸಿದ ಅನ್ನ ಅಕ್ಕಿಯ ಮೂರು ಪಟ್ಟು ತೂಗಿದರೆ, ಗಂಜಿಯ ಅಗುಳು ಒಂದು ದಿನ ಮೂರೂವರೆ, ಇನ್ನೊಂದು ದಿನ ನಾಲ್ಕು. ನೀರು ತೂಗಿ ಏನು ಪ್ರಯೋಜನ? ಹಾಗಾಗಿ ಮಗಳದ್ದು ಬೇರೆ ಸಣ್ಣ ಪಾತ್ರೆ. ಎಲ್ಲರ ಅನ್ನ ಬೇಯುವ ಕುಕ್ಕರಿನಲ್ಲೇ ಅದನ್ನೂ ಇಡುತ್ತೇನೆ. ಆ ಪಾತ್ರೆಯಲ್ಲಿ ಇದ್ದದ್ದು ಪೂರ್ತಿ ಅವಳದ್ದು, ಎಷ್ಟು ನೀರು ಬೇಕಾದರೂ ಹಾಕಿ. ಅತ್ತೆ ಮೊದಮೊದಲು, ‘ಎಂತ ಮಾರಾಯ್ತಿ, ಅಂಗಡಿಯವರ ಹಾಗೆ ಅಕ್ಕಿ ತೂಗ್ತಿಯಲ್ಲ’ ಅನ್ನುತ್ತಿದ್ದರು. ಈಗ ನಾನಿಲ್ಲದ ದಿನ ಅವರೇ ತೂಗುತ್ತಾರೆ, ಒಂದು ಕಾಳು ಹೆಚ್ಚಾದರೂ ತೆಗೆದಿಡುತ್ತಾರೆ.

ಇಷ್ಟಾದರೂ ಕ್ಯಾಲೊರಿ ಸಾಲುವುದಿಲ್ಲ. ಅವಳಿಗೆ ಬೇಕಾದದ್ದು 1100ರ ಹತ್ತಿರ. ಪುಡಿಯಿಂದ 350, ಮೇಲಿನ ಊಟದಿಂದ 280. ಇನ್ನೂ 450ಕ್ಕಿಂತ ಜಾಸ್ತಿ ಬಾಕಿ. ಅನ್ನ ಅರ್ಧ ಮಾಡಿದಾಗ ಯಾರೂ ತುಂಬದೆ ಬಿಟ್ಟ ಗುಂಡಿ ಇದೇ. ಸಾಬಕ್ಕಿ 50 ಗ್ರಾಂ, ಕೂವೆ ಹಿಟ್ಟು 25 ಗ್ರಾಂ, ತುಪ್ಪ ಅಥವಾ ತೆಂಗಿನೆಣ್ಣೆ ಮೂರು ಚಮಚ, ಸಕ್ಕರೆ ಮೂರು ನಾಲ್ಕು ಚಮಚ, ಇಷ್ಟಕ್ಕೆ ಅದು ತುಂಬುತ್ತದೆ. ಸಾಬಕ್ಕಿಯಲ್ಲಿ, ಕೂವೆಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ.

ಇದರಿಂದ ನೀರುದೋಸೆ ಮಾಡಲು ಹೋಗಿ ಒಂದಷ್ಟು ದಿನ ಕಳೆದೆ. ಬರೀ ಕೂವೆ ಹಾಕಿದರೆ ಕಾವಲಿಗೆ ಅಂಟಿ ಅಂಬಲಿಯ ಹಾಗೆ ಆಗುತ್ತದೆ. ನೆನೆಸಿದ ಸಾಬಕ್ಕಿ ರುಬ್ಬಿ, ಕಾಲು ಪಾಲು ಕೂವೆ ಸೇರಿಸಿ, ಹಿಟ್ಟನ್ನು ಒಂದು ಗಂಟೆ ಬಿಟ್ಟು ಹುಯ್ದರೆ ಏಳುತ್ತದೆ. ಸ್ವಲ್ಪ ಎಳೆಯುತ್ತದೆ, ಪರವಾಗಿಲ್ಲ. ಬೆಲ್ಲ ಮತ್ತು ಲೆಕ್ಕದ ಕಾಯಿ ಹಾಕಿ ಕೊಟ್ಟರೆ ಮಗಳು ಇನ್ನೊಂದು ಕೇಳುತ್ತಾಳೆ. ಮರಗೆಣಸಿನ ಹಪ್ಪಳವೂ ನಡೆಯುತ್ತದೆ, ಆದರೆ ಅದನ್ನೂ ತೂಗಿ. ಗೆಣಸು ಸಾಬಕ್ಕಿಯಷ್ಟು ಖಾಲಿ ಅಲ್ಲ.

ಲೆವೆಲ್ ಕೆಲವೇ ವಾರದಲ್ಲಿ 6ರ ಒಳಗೆ ಇಳಿಯಿತು, ಗುಳ್ಳೆ ಹೋಯಿತು, ತೂಕ ಏರಿತು. ಅಕ್ಕಿ ಅದೇ 35 ಗ್ರಾಂ.

ಈಗ ರಿಪೋರ್ಟ್ ಜಾಸ್ತಿ ಬಂದರೆ ನಾನು ಊಟ ಮುಟ್ಟುವ ಮೊದಲು ನೋಡುವುದು ಇಷ್ಟು: ಜ್ವರ ಇತ್ತಾ, ಪುಡಿಯ ಲೋಟದ ತಳದಲ್ಲಿ ಏನಾದರೂ ಉಳಿದಿತ್ತಾ, ತೂಕ ನಿಂತಿದೆಯಾ, ಯಾರಾದರೂ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ಮೋ ಸಿರಪ್ಪೋ ಕೊಟ್ಟರಾ. ಆಸ್ಪರ್ಟೇಮ್‌ನಲ್ಲಿ ಅರ್ಧದಷ್ಟು ಫೆನೈಲಲನೈನೇ ಇರುವುದು. ಇದೆಲ್ಲ ಸರಿ ಇದ್ದರೆ ಮಾತ್ರ ಮೇಡಂ ಹತ್ತಿರ ಮಾತಾಡಿ ದಿನಕ್ಕೆ 25–30 ಮಿಲಿಗ್ರಾಂ ಇಳಿಸುವುದು, ಅಂದರೆ 7 ಗ್ರಾಂ ಅಕ್ಕಿ. ಒಂದು ವಾರ ಬಿಟ್ಟು ಮತ್ತೆ ರಕ್ತ. 2ಕ್ಕಿಂತ ಕೆಳಗೆ ಬಂದರೆ ಅಷ್ಟೇ ಏರಿಸುವುದು. ತುಂಬ ಕಡಿಮೆಯಾದರೂ ಮಗು ಬೆಳೆಯುವುದಿಲ್ಲ.

ರಕ್ತ ಯಾವಾಗಲೂ ಬೆಳಿಗ್ಗೆ, ಮೊದಲ ಲೋಟಕ್ಕೆ ಮುಂಚೆ. ರಾತ್ರಿಯ ಉಪವಾಸದ ನಂತರ ಲೆವೆಲ್ ಎತ್ತರದಲ್ಲಿ ಇರುತ್ತದೆ. ಇವತ್ತು ಬೆಳಿಗ್ಗೆ, ಮುಂದಿನ ಸಲ ಸಂಜೆ ಅಂತ ಕೊಟ್ಟರೆ ಎರಡನ್ನು ಹೋಲಿಸುವ ಹಾಗಿಲ್ಲ. ಒಣಗಿಸಿದ ರಕ್ತದ ಕಾರ್ಡಿನ ಅಂಕಿಯನ್ನು ಸಿರಿಂಜಿನಲ್ಲಿ ತೆಗೆದ ರಕ್ತದ ಅಂಕಿಯ ಜೊತೆಗೂ ಹೋಲಿಸಬೇಡಿ, ಕಾರ್ಡಿನಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ. ಆಟಿ ತಿಂಗಳಲ್ಲಿ ಕಾರ್ಡ್ ಒಣಗುವುದೇ ದೊಡ್ಡ ತಲೆನೋವು. ಬೇರೆ ಊರಿನಲ್ಲಿ ಮೂರು ನಾಲ್ಕು ಗಂಟೆ ಸಾಕು, ನಮ್ಮಲ್ಲಿ ಅರ್ಧ ದಿನವೂ ಬೇಕಾಗುತ್ತದೆ. ಒಲೆಯ ಹತ್ತಿರ ಹಿಡಿಯಬೇಡಿ. ಅಡ್ಡವಾಗಿ, ಏನೂ ತಾಗದ ಹಾಗೆ ಇಟ್ಟು, ಕಲೆ ಕಂದು ಬಣ್ಣಕ್ಕೆ ಬಂದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿ. ಹಸಿ ಕಾರ್ಡ್ ಕಳಿಸಿದರೆ ಲ್ಯಾಬ್ ವಾಪಸ್ ಮಾಡುತ್ತದೆ, ಆ ತಿಂಗಳ ದುಡ್ಡೂ ಹೋಯಿತು, ದಿನವೂ ಹೋಯಿತು.

ಇನ್ನು ಹೊಸ ಟಿನ್ ಬಂದಾಗಲೆಲ್ಲ ಲೇಬಲ್ ಓದಿ. ನಮಗೆ ಒಂದು ಸಲ ಹಳೆಯದು ಸಿಗದೆ ಬೇರೆ ಪುಡಿ ಬಂತು, ಅದರಲ್ಲಿ 100 ಗ್ರಾಂಗೆ 28 ಗ್ರಾಂ ಪ್ರೋಟೀನ್. ಆಗ ಅದೇ 24 ಗ್ರಾಂಗೆ 86 ಗ್ರಾಂ ಪುಡಿ ಸಾಕು. ಆದರೆ ಪುಡಿ ಕಡಿಮೆಯಾದರೆ ಅದರ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ಆ ವಾರ ಸಾಬಕ್ಕಿಯನ್ನು 10 ಗ್ರಾಂ ಜಾಸ್ತಿ ಮಾಡಿದೆ.