ಮಾತಿನ ನಡುವೆ ಇನ್ನೊಬ್ಬಳ ಹೆಸರು ಬಂದಾಗ: ನನ್ನ ಅನುಭವ

ಹೊಸ ಪರಿಚಯ ಇನ್ನೂ ಕುದುರುತ್ತಿರುವ ಹೊತ್ತಿನಲ್ಲಿ ಹೊಟ್ಟೆಕಿಚ್ಚು ಬರೋದು ಹೆಚ್ಚಾಗಿ ಒಂದೇ ದಾರಿಯಿಂದ. ಎದುರಿನವರು ಏನೋ ಹೇಳುತ್ತಾ ಸಹಜವಾಗಿ, "ಆಕಿ ಡಿಗ್ರಿಯಿಂದ ನನ್ನ ದೋಸ್ತ್ ರೀ, ಭಾಳ ಕ್ಲೋಸ್" ಅಂದುಬಿಡುತ್ತಾರೆ. ಎದೆ ಧಸಕ್ಕೆನ್ನುತ್ತದೆ, ಕಿವಿ ಬಿಸಿಯಾಗುತ್ತದೆ, ಅವರ ಮುಂದಿನ ಎರಡು ಮಾತು ತಲೆಗೆ ಹೋಗುವುದೇ ಇಲ್ಲ. ನಾನು ಹೆಣ್ಣಿನ ಕಡೆಯಿಂದ ಬರೆಯುತ್ತಿದ್ದೇನೆ. ಗಂಡಸರು ಹೆಸರು ಬದಲಿಸಿಕೊಂಡು ಓದಿದರೆ ಸಾಕು, ಕೆಲಸ ಅದೇ.

ಆ ಗಳಿಗೆಯಲ್ಲಿ ನಾನು ಪಾಲಿಸುವ ನಿಯಮ ಇಷ್ಟೇ: ಆ ಹೆಸರಿನ ಬಗ್ಗೆ ಆಗಲೇ ಪ್ರಶ್ನೆ ಕೇಳುವುದಿಲ್ಲ. ಎದೆ ಬಡಿಯುತ್ತಿರುವಾಗ ಕೇಳಿದ ಪ್ರಶ್ನೆ ಎಷ್ಟೇ ಮೆತ್ತಗಿದ್ದರೂ ವಿಚಾರಣೆಯ ದನಿಯಲ್ಲೇ ಹೊರಬರುತ್ತದೆ. ಎದುರಿನವರಿಗೆ ಅದು ತಕ್ಷಣ ತಿಳಿಯುತ್ತದೆ. ಮುಂದಿನ ಸಲದಿಂದ ಅವರು ಆ ಹೆಸರನ್ನು ನುಂಗಿಕೊಳ್ಳುತ್ತಾರೆ, ಆಮೇಲೆ ನಮಗೆ ಸಿಗಬೇಕಾದ ಮಾಹಿತಿಯೇ ನಿಂತುಹೋಗುತ್ತದೆ. ಕೇಳದೆಯೇ ಹೆಸರು ಹೇಳಿದರು ಅಂದರೆ ಮುಚ್ಚಿಡುವ ಮನಸ್ಸಿಲ್ಲ ಅನ್ನುವ ಕಡೆಗೇ ತೂಕ ಹೆಚ್ಚು. ಹಾಗಾಗಿ "ಹೌದೇನ್ರಿ" ಅಂದು ನೀರು ಕುಡಿದು, ಪಾದ ಎರಡನ್ನೂ ನೆಲಕ್ಕೊತ್ತಿ, ಉಸಿರು ಒಳಗೆಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡುತ್ತೇನೆ. ಮೈಯ ಕಾವು ಇಳಿಯಲು ಹತ್ತಿರಹತ್ತಿರ 20 ನಿಮಿಷ ಬೇಕು. ಅಷ್ಟರೊಳಗೆ ಯಾವ ತೀರ್ಮಾನವೂ ಇಲ್ಲ, ಮೆಸೇಜೂ ಇಲ್ಲ.

ಮನೆಗೆ ಬಂದ ಮೇಲೆ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಕಿವಿಗೆ ಬಿದ್ದ ಮಾತನ್ನು ಅವರದೇ ಶಬ್ದದಲ್ಲಿ ಬರೆಯುತ್ತೇನೆ, ಬಲಕ್ಕೆ ನನ್ನ ತಲೆ ಸೇರಿಸಿದ್ದನ್ನು. ಫೋನಿನಲ್ಲಿ ಬರೆಯಬಾರದು, ಅಲ್ಲಿ ಇನ್‌ಸ್ಟಾಗ್ರಾಮ್ ಒಂದು ಬೆರಳಿನ ದೂರದಲ್ಲಿರುತ್ತದೆ.

ಒಂದು ಪ್ರಸಂಗ ಇಟ್ಟುಕೊಳ್ಳೋಣ. ಹುಡುಗ ಕಲಬುರಗಿಯವನು, ಪರಿಚಯವಾಗಿ ಎರಡು ತಿಂಗಳು. ಅವನು ಹೇಳುವುದು: "ನಾಳಿ ಸಂಜಿಗಿ ಸಿಗಲಿಕ್ಕಾಗಲ್ಲರಿ. ಹೈದರಾಬಾದಿನಿಂದ ನನ್ನ ದೋಸ್ತ್ ಬರ್ಲಿಕತ್ತಾಳ, ಸ್ಟೇಷನ್ನಿಗಿ ಹೋಗಬೇಕು." ಎಡಗಡೆ ಬರುವುದು ಮೂರೇ ಸಂಗತಿ. ಅವಳು ಬರುತ್ತಾಳೆ, ಇವನು ಕರೆತರಲು ಹೋಗುತ್ತಾನೆ, ನಾಳೆ ಸಂಜೆ ನಮ್ಮ ಭೇಟಿ ಇಲ್ಲ. ಬಲಗಡೆ ಮಾತ್ರ ಹಾಳೆ ತುಂಬುತ್ತದೆ. ನನಗಿಂತ ಅವಳೇ ಮುಖ್ಯ, ಹಿಂದೆ ಏನೋ ಇದ್ದಿರಬೇಕು, ನನ್ನ ಬಗ್ಗೆ ಅವಳಿಗೆ ಹೇಳಿರಲಿಕ್ಕಿಲ್ಲ, ಹೈದರಾಬಾದಿನ ನೌಕರಿ ಇರುವವಳ ಮುಂದೆ ನಾನೆಷ್ಟರವಳು. ಈಗ ಎಡಗಡೆಯ ಒಂದೊಂದನ್ನೂ ತೋರಿಸಿ, "ಇದೇ ಕೆಲಸವನ್ನು ಗಂಡು ದೋಸ್ತನಿಗಾಗಿ ಮಾಡಿದ್ದರೆ ನನಗೆ ನೋವಾಗುತ್ತಿತ್ತಾ?" ಅಂತ ಕೇಳಿಕೊಳ್ಳುತ್ತೇನೆ. ಸ್ಟೇಷನ್ನಿಗೆ ಹೋಗುವುದು? ಇಲ್ಲ. ಭೇಟಿ ತಪ್ಪಿದ್ದು? ಹೌದು, ಮೊದಲೇ ಗೊತ್ತುಮಾಡಿದ ಭೇಟಿಯಾಗಿದ್ದರೆ ಆಗಲೂ ನೋವಾಗುತ್ತಿತ್ತು. ಅಲ್ಲಿಗೆ ನನ್ನ ತಕರಾರು ಯಾವುದು ಅನ್ನುವುದು ಹೊರಬೀಳುತ್ತದೆ. ಅದು ಸಮಯದ್ದು, ಅವಳದ್ದಲ್ಲ. ಸಮಯದ ಬಗ್ಗೆ ಮಾತಾಡಲು ಅವಳ ಹೆಸರೇ ಬೇಕಿಲ್ಲ: "ಹೋಗಿ ಬರ್ರಿ. ನಾಡದ್ದು ಒಂದು ತಾಸು ಶರಣಬಸವೇಶ್ವರ ಕೆರಿ ಕಡಿ ಸಿಗೋಣೇನು? ನಾಳಿ ಸಿಗ್ತೀವಂತ ನಾನು ಕಾಯ್ದಿದ್ದೆ." ಕೊನೆಯ ವಾಕ್ಯ ಬಿಡಬಾರದು. ಅದನ್ನು ನುಂಗಿದರೆ ಮೂರನೆಯ ದಿನ ಅದು ಚುಚ್ಚುಮಾತಾಗಿ ಬರುತ್ತದೆ.

ಬಲಗಡೆಯಲ್ಲಿ ಉಳಿಯುವುದರಲ್ಲಿ ಹೆಚ್ಚಿನದು ನನ್ನ ಹೋಲಿಕೆ. ಅದಕ್ಕೆ ಅವನ ಹತ್ತಿರ ಉತ್ತರವಿಲ್ಲ. "ನಾನು ಚಂದ ಅದೀನೋ ಆಕಿ ಚಂದ ಅದಾಳೋ" ಅಂತ ಕೇಳಿ ಸಮಾಧಾನ ಪಡೆದರೆ ಅದು ರಾತ್ರಿಯವರೆಗೂ ಉಳಿಯುವುದಿಲ್ಲ. ಕದ್ದು ನೋಡುವುದರ ಕಥೆಯೂ ಇಷ್ಟೇ. ಲಾಸ್ಟ್ ಸೀನ್ ನೋಡಿದಾಗ, ಅವಳ ಫೋಟೋಗೆ ಅವನು ಲೈಕ್ ಕೊಟ್ಟಿದ್ದಾನಾ ಅಂತ ತಡಕಿದಾಗ ಸ್ವಲ್ಪ ಹೊತ್ತು ಹಗುರವಾಗುತ್ತದೆ. ನೋಡಿದ್ದರಿಂದಲೇ ಹಗುರವಾಯಿತು ಅಂತ ಮನಸ್ಸು ಕಲಿತುಬಿಡುವುದರಿಂದ ಮುಂದಿನ ಸಲ ತುಡಿತ ಇನ್ನೂ ಬೇಗ ಬರುತ್ತದೆ. ಅದಕ್ಕೇ ತುಡಿತ ಬಂದ ಕೂಡಲೇ ಗಡಿಯಾರ ನೋಡಿ ಅರ್ಧ ತಾಸು ಮುಂದೂಡುತ್ತೇನೆ. ಎಷ್ಟೋ ಸಲ ಅಷ್ಟರಲ್ಲಿ ಅದು ಏರಿ ತಾನೇ ಇಳಿದಿರುತ್ತದೆ. ಒಮ್ಮೆ ಹುಡುಕಿದ ಹೆಸರನ್ನು ಇನ್‌ಸ್ಟಾಗ್ರಾಮ್ ಸರ್ಚಿನಲ್ಲಿ ಮತ್ತೆ ಮೇಲೆ ತಂದು ತೋರಿಸುತ್ತದೆ, ಅದನ್ನು ಅಲ್ಲಿಂದ ಅಳಿಸಬೇಕು. ಅವಳ ಸ್ಟೋರಿ ತೆರೆದರೆ ನೋಡಿದವರ ಪಟ್ಟಿಯಲ್ಲಿ ನಿಮ್ಮ ಹೆಸರು ಅವಳಿಗೆ ಕಾಣುತ್ತದೆ ಅನ್ನುವುದನ್ನೂ ಮರೆಯಬಾರದು.

ಇನ್ನು ನಮ್ಮ ಕಡೆಯದ್ದೇ ಆದ ಒಂದು ತೊಡಕಿದೆ. ಕಲಬುರಗಿ, ಬೀದರ, ಯಾದಗಿರಿಯಂಥ ಊರಲ್ಲಿ ಗಂಡು-ಹೆಣ್ಣಿನ ಬರೀ ದೋಸ್ತಿಯನ್ನೂ ಎಷ್ಟೋ ಮನೆಗಳಲ್ಲಿ ಬಚ್ಚಿಡುತ್ತಾರೆ. ಫೋನಿನಲ್ಲಿ ಅವಳ ನಂಬರು ಗಂಡು ಹೆಸರಲ್ಲಿರಬಹುದು, ಅವ್ವ ಪಕ್ಕದಲ್ಲಿದ್ದರೆ ಕಾಲ್ ಕಟ್ ಮಾಡಬಹುದು. ಬೇರೆಡೆ ಇದು ಅನುಮಾನಕ್ಕೆ ಕಾರಣವಾದೀತು, ಇಲ್ಲಿ ಇದರಿಂದ ಏನೂ ಸಾಬೀತಾಗುವುದಿಲ್ಲ. ನಾನು ಅಳೆಯುವುದು ಇದನ್ನು: ಮನೆಯವರಿಂದ ಮುಚ್ಚಿಟ್ಟದ್ದು ನನಗೆ ಗೊತ್ತಿದೆಯೇ? ಗೊತ್ತಿದ್ದರೆ ಅದು ನನ್ನಿಂದ ಮುಚ್ಚಿಟ್ಟದ್ದಲ್ಲ. ರಾಖಿ ಕಟ್ಟಿದ್ದಾಳೆ, "ತಂಗಿ ಹಂಗ" ಅನ್ನುವುದರ ಮೇಲೂ ನಾನು ಭಾರ ಹಾಕುವುದಿಲ್ಲ. ಮಂದಿಯ ಬಾಯಿ ಮುಚ್ಚಿಸಲು ಆ ಮಾತು ಇಲ್ಲಿ ಸುಲಭವಾಗಿ ಬರುತ್ತದೆ, ದೋಸ್ತಿ ನಿಜವಿದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಪರಿಚಯದ ಅಣ್ಣಂದಿರ ಕೈಲಿ "ಸ್ವಲ್ಪ ವಿಚಾರಸ್ರಿ" ಅನ್ನುವುದಂತೂ ಬೇಡವೇ ಬೇಡ. ಸುದ್ದಿ ಓಣಿಗೆ ಬಿದ್ದರೆ ಏಟು ತಿನ್ನುವವಳು ಆ ಹುಡುಗಿ, ಅವನಲ್ಲ.

ಕೇಳಲೇಬೇಕಾದ ಪ್ರಶ್ನೆ ಒಂದಿರುತ್ತದೆ, ಹಿಂದೆ ಇಬ್ಬರ ನಡುವೆ ಏನಾದರೂ ಇತ್ತಾ ಅಂತ. ನಾಲ್ಕು ಸಲ ಚಹಾ ಕುಡಿದವರಿಗೆ ಅದನ್ನು ಕೇಳುವ ಹಕ್ಕಿಲ್ಲ ಅನ್ನುವುದು ನನ್ನ ಲೆಕ್ಕ. ಒಬ್ಬರಿಗೊಬ್ಬರು ಇಷ್ಟ ಅಂತ ಬಾಯಿಬಿಟ್ಟು ಹೇಳಿಕೊಂಡ ಮೇಲೆ, ಎದೆ ತಣ್ಣಗಿರುವಾಗ, ಎದುರಾ ಎದುರು, ಒಂದೇ ಸಲ ಕೇಳಬೇಕು: "ಒಂದು ಕೇಳ್ತೀನ್ರಿ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮಿಬ್ಬರ ನಡುವ ಹಿಂದ ದೋಸ್ತಿಗಿಂತ ಹೆಚ್ಚಿಂದು ಇತ್ತೇನು?" "ಇತ್ತು, ಮುಗೀತು" ಅಂತ ಬಂದರೆ ಈಗ ಹೇಗಿದೆ ಅನ್ನುವುದನ್ನಷ್ಟೇ ಕೇಳಿ ನಿಲ್ಲಿಸಬೇಕು. ಎಲ್ಲಿಗೆ ಹೋಗುತ್ತಿದ್ದಿರಿ, ಎಷ್ಟು ದಿನ ಇತ್ತು ಅಂತ ಕೆದಕಿದರೆ ಸಿಗುವ ಒಂದೊಂದು ವಿವರವೂ ರಾತ್ರಿ ಕಣ್ಣ ಮುಂದೆ ಚಿತ್ರವಾಗಿ ನಿಲ್ಲುತ್ತದೆ.

ನಿಜವಾಗಿ ಎಚ್ಚರ ಪಡಬೇಕಾದ ಗುರುತುಗಳು ಕಡಿಮೆ. ಗೊತ್ತುಮಾಡಿದ ಭೇಟಿ ಪದೇ ಪದೇ ಅವಳಿಗಾಗಿಯೇ ತಪ್ಪುವುದು, ಒಂದೇ ಸಂಗತಿ ಎರಡು ಸಲ ಎರಡು ಥರ ಬರುವುದು, ನಿಮ್ಮನ್ನು ಅವಳ ಜೊತೆ ಹೋಲಿಸಿ ಮಾತಾಡುವುದು. ಇವು ಕಂಡರೆ ಹಾಳೆಯ ಎಡಗಡೆ ತಾನೇ ಉದ್ದವಾಗುತ್ತಾ ಹೋಗುತ್ತದೆ. ಎಡಗಡೆ ಖಾಲಿಯಿದ್ದೂ ಯಾರ ಹೆಸರು ಬಂದರೂ ನಿದ್ದೆ, ಊಟ ಬಿಟ್ಟುಹೋಗುತ್ತಿದ್ದರೆ ಹಾಳೆಯಿಂದ ಆಗುವ ಕೆಲಸ ಅದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಪರಿಚಯ ಮಾಡಿಸುತ್ತೇನೆ ಅಂತ ಅವನೇ ಕರೆದರೆ ಹೋಗಬೇಕು, ಆದರೆ ಅರ್ಧ ತಾಸಿಗೆ ಸಾಕು. ಅವರಿಬ್ಬರ ಹಳೇ ಕಾಲೇಜು ಮಾತು ಶುರುವಾದರೆ ನಾವು ಹೊರಗಿನವರಾಗಿ ಕೂರುವುದು ಸಹಜ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಹೋಗಬೇಕು. ಆಗ ನಾನು ಅವನ ಕಡೆ ನೋಡುತ್ತಾ ಕೂರದೆ ನೇರ ಅವಳನ್ನೇ ಮಾತಾಡಿಸುತ್ತೇನೆ: "ಅಕ್ಕಾ, ಹೈದರಾಬಾದಿನ್ಯಾಗ ಎಲ್ಲಿ ಅದೀರಿ, ಊಟಕ್ಕ ಹ್ಯಾಂಗ ಮಾಡ್ತೀರಿ?"