ಪ್ರಶಸ್ತಿ ವೇದಿಕೆಯಲ್ಲಿ ಮೂರು ನಿಮಿಷ

ರಾಗಿ ತಳಿ ಅಭಿವೃದ್ಧಿಯ ಕೆಲಸಕ್ಕೆ ನನಗೆ ಪ್ರಶಸ್ತಿ ಬಂದಾಗ ಸಂಘಟಕರು ಮೊದಲೇ ಹೇಳಿಬಿಟ್ಟಿದ್ದರು, "ಮೇಡಂ, ಮೂರೇ ನಿಮಿಷ." ನಿಧಾನವಾಗಿ ಮಾತಾಡುವ ನನಗೆ ಅಷ್ಟರಲ್ಲಿ ಇನ್ನೂರೈವತ್ತು ಪದ ಹಿಡಿಸಿದರೆ ಹೆಚ್ಚು. ಗಣ್ಯರ ಹೆಸರುಗಳನ್ನು ನಿರೂಪಕರು ಆಗಲೇ ಎರಡು ಸಲ ಹೇಳಿರುತ್ತಾರೆ. ಹಾಗಾಗಿ "ವೇದಿಕೆಯ ಹಿರಿಯರಿಗೂ ಎದುರಿಗಿರುವ ನಿಮಗೂ ನಮಸ್ಕಾರ" ಎಂದು ಅದನ್ನು ಒಂದೇ ಸಾಲಿಗೆ ಮುಗಿಸಿದೆ.

ಕಷ್ಟವಾದದ್ದು ತಂಡದ ವಿಷಯ. ಒಂದು ತಳಿ ರೈತರ ಕೈಸೇರುವ ಹೊತ್ತಿಗೆ ವರ್ಷಗಳೇ ಕಳೆದು, ಎಷ್ಟೋ ಜನ ಬಂದು ಹೋಗಿರುತ್ತಾರೆ. ಪಟ್ಟಿ ಓದಿದರೆ ಸಭೆ ಆಕಳಿಸುತ್ತದೆ, ಬಿಟ್ಟುಹೋದವರು ನೊಂದುಕೊಳ್ಳುತ್ತಾರೆ. "ನನ್ನ ಇಡೀ ತಂಡಕ್ಕೆ ವಂದನೆ" ಎಂದರೋ, ಅದು ತನಗೆ ಹೇಳಿದ್ದು ಅಂತ ಯಾರಿಗೂ ಅನ್ನಿಸುವುದಿಲ್ಲ. ಆದ್ದರಿಂದ ಹೆಸರು ಬಿಟ್ಟು ಕೆಲಸ ಹೇಳಿದೆ, ಮಾಡಿದವರಿಗೆ ಕೇಳಿದ ಕೂಡಲೇ ಗುರುತು ಸಿಗುವಷ್ಟು ಬಿಡಿಸಿ.

ರಾಗಿಯಲ್ಲಿ ಹೀಗೆ ಕೆಲಸ ಹೇಳುವುದು ಸುಲಭ, ಏಕೆಂದರೆ ಎರಡು ತಳಿ ಕೂಡಿಸುವ ಅದರ ಸಂಕರಣವೇ ವಿಚಿತ್ರ. ಹೂ ತೀರಾ ಸಣ್ಣದು, ಬೆಳಗಿನ ಜಾವಕ್ಕೆ ಅರಳಿ, ತನ್ನ ಪರಾಗವನ್ನೇ ತಾನು ಹಿಡಿದುಕೊಳ್ಳುತ್ತದೆ. ಅದಕ್ಕೇ ಅರಳುವ ಮೊದಲೇ ಎರಡು ಗಿಡಗಳ ತೆನೆಗಳನ್ನು ಒಟ್ಟಿಗೆ ಕಟ್ಟಿ ಚೀಲ ಹಾಕುತ್ತೇವೆ. ಕಾಳಾದರೂ ಅದರಲ್ಲಿ ನಿಜವಾದ ಸಂಕರ ಬೆರಳೆಣಿಕೆಯಷ್ಟೇ. ತಾಯಿ ಹಸಿರು ಗಿಡ, ತಂದೆ ನೇರಳೆ ಬಣ್ಣದ್ದು ಆಗಿದ್ದರೆ, ಮುಂದಿನ ಪೈರಿನಲ್ಲಿ ನೇರಳೆ ಗಿಣ್ಣಿನವನ್ನು ಆರಿಸಿ ಉಳಿದವನ್ನು ಕಿತ್ತುಹಾಕಬೇಕು. ನಮ್ಮಲ್ಲಿ ಆ ಕಣ್ಣಿರುವುದು ತಾಕಿನ ಹೆಂಗಸರಿಗೆ.

ಭಾಷಣದ ನಡುಭಾಗ ಹೀಗಿತ್ತು:

"ಈ ತಳಿ ಶುರುವಾದದ್ದು, ತೆನೆಗೆ ತೆನೆ ಕಟ್ಟಿ ಚೀಲ ಹಾಕಿದ ಕೈಗಳಿಂದ. ಸಾವಿರಾರು ಹಸಿರು ಸಸಿಗಳ ನಡುವೆ ನೇರಳೆ ಗಿಣ್ಣು ಕಂಡುಹಿಡಿದವರು ಮಧ್ಯಾಹ್ನದ ಬಿಸಿಲಲ್ಲೂ ಬಗ್ಗಿದ್ದವರು. ಯಾವ ಗಿಡ ತಡೆದುಕೊಳ್ಳುತ್ತದೆ ಎಂದು ನೋಡಲು, ಬೆಂಕಿ ರೋಗ ತಾನಾಗಿ ಬರದ ವರ್ಷ ಸಂಜೆ ಹೊತ್ತು ಅದರ ಬೀಜಾಣು ನೀರು ಸಿಂಪಡಿಸಿ ಬರಿಸಿದವರಿದ್ದಾರೆ. ನಾನು ನಂಬಿದ್ದ ಗಿಡದ ಸಾಲನ್ನು 'ತೆನೆಯ ಕುತ್ತಿಗೆ ಕಪ್ಪಾಗಿದೆ ಮೇಡಂ' ಎಂದು ರೋಗ ತೋರಿಸಿ ಕೈಬಿಡಿಸಿದ ವಿದ್ಯಾರ್ಥಿಯೂ ಇಲ್ಲೇ ಇದ್ದಾರೆ. ಈ ಫಲಕ ಅವರೆಲ್ಲರ ಕೆಲಸಕ್ಕೆ ಸಂದದ್ದು, ಹಿಡಿದುಕೊಂಡವಳು ನಾನು."

ಹೆಸರು ಹಿಡಿದು ನೆನೆದದ್ದು ಒಬ್ಬರನ್ನೇ, ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು. ಅವರು ನಮ್ಮ ತಂಡದವರಲ್ಲ, ನಮಗಿಂತ ಮೊದಲಿನವರು. ಹಾಗಾಗಿ ಯಾರೂ ಯಾರಿಗಿಂತ ಕಡಿಮೆಯಾಗಲಿಲ್ಲ.

ಭಾಷಣವನ್ನು ಹಿಂದಿನ ದಿನ ತಾಕಿನಲ್ಲೇ ಓದಿ ಕೇಳಿಸಿದ್ದೆ. "ಗಿಣ್ಣು ನೋಡಿದ್ದು ನಾವೇ ಅಲ್ವಾ" ಎಂದು ಒಬ್ಬರು ನಕ್ಕ ಮೇಲೆ ಆ ಸಾಲು ಸರಿಯಾಗಿದೆ ಅಂತ ಧೈರ್ಯ ಬಂತು. "ಶ್ರಮ", "ಸಮರ್ಪಣೆ" ಇದ್ದ ಎರಡು ವಾಕ್ಯಕ್ಕೆ ಯಾರ ಮುಖವೂ ಅಲುಗಲಿಲ್ಲ, ಹೊಡೆದುಹಾಕಿದೆ.

ಪೂರ್ತಿ ಹೆಸರುಗಳನ್ನು ಸ್ಮರಣ ಸಂಚಿಕೆಗೆ ಅಕಾರಾದಿಯಾಗಿ ಬರೆದುಕೊಟ್ಟೆ. ದಿನಗೂಲಿಯವರ ಹೆಸರುಗಳನ್ನು ಹಳೆಯ ಹಾಜರಿ ಪುಸ್ತಕಗಳಿಂದ ತೆಗೆದೆ.